ಪಟಾಕಿಗೆ ನಡುಗುವ ನಾಯಿ: ಮೊದಲು ಸದ್ದು, ಆಮೇಲೆ ಬಂಗಡೆ

ಚೌತಿ ಗಣಪತಿಯನ್ನು ಕಳಿಸುವಾಗ ಹೊಡೆದ ಗರ್ನಾಲಿಗೆ ನಿಮ್ಮ ನಾಯಿ ಮಂಚದಡಿ ಹೊಕ್ಕು ಜೊಲ್ಲು ಸುರಿಸಿತ್ತೇ? ಹಾಗಿದ್ದರೆ ದೀಪಾವಳಿಗೂ ಅದೇ ಪಾಡು. ಆದರೆ ಚೌತಿಯಿಂದ ನರಕ ಚತುರ್ದಶಿಗೆ ಸುಮಾರು 54 ದಿನ ಇರುತ್ತದೆ. 11 ದಿನದ ಗಣಪತಿ ನೀರಿಗಿಳಿದ ಮೇಲೂ ಆರು ವಾರ ಸಿಕ್ಕೀತು. ಅಭ್ಯಾಸಕ್ಕೆ ಈ ಬಿಡುವೇ ಸರಿ. ಹೊರಗೆ ನಿಜವಾದ ಪಟಾಕಿ ಸಿಡಿಯುವ ದಿನಗಳಲ್ಲಿ ಶುರುಮಾಡಿದರೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ.

ಕಾರವಾರದ ಕೋಡಿಬಾಗದ ಒಂದು ಮನೆಯಲ್ಲಿ ಕರಿಯ ಎಂಬ ನಾಡುನಾಯಿ ಇದೆ ಎಂದುಕೊಳ್ಳಿ. ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ಬಿಡಿಸಿದ ಬಂಗಡೆ ಎಂದರೆ ಅದಕ್ಕೆ ಪ್ರಾಣ. ಆ ಮೀನು ಇನ್ನು ಅಭ್ಯಾಸದ ಹೊತ್ತಿಗೆ ಮಾತ್ರ. ಮೊಬೈಲಿನಲ್ಲಿ ಪಟಾಕಿ ಸದ್ದನ್ನು ತೀರಾ ಸಣ್ಣದಾಗಿ, ನಿಮಗೇ ಕಿವಿಗೊಟ್ಟರಷ್ಟೇ ಕೇಳುವಂತೆ ಹಾಕಿ. ‘ಢಂ’ ಎಂದ ಕೂಡಲೇ ಒಂದು ಚೂರು ಮೀನು. ಮತ್ತೆ ಸದ್ದು, ಮತ್ತೆ ಚೂರು. ದಿನಕ್ಕೆ ಐದು ನಿಮಿಷ ಸಾಕು.

ಈ ಕ್ರಮ ತಪ್ಪಬಾರದು. ಮೀನು ಮೊದಲು ಕೊಟ್ಟು ಆಮೇಲೆ ಸದ್ದು ಮಾಡಿದರೆ, ಮೀನು ಕಂಡರೇ ಏನೋ ಕಾದಿದೆ ಎಂದು ಕರಿಯ ಹಿಂದೆ ಸರಿಯುತ್ತದೆ.

ಸದ್ದು ಕೇಳಿ ಕರಿಯ ಕಿವಿ ನಿಮಿರಿಸಿ ನಿಮ್ಮ ಕೈ ನೋಡತೊಡಗಿದರೆ ಮರುದಿನ ಸದ್ದನ್ನು ಒಂದೇ ಗೆರೆ ಏರಿಸಿ. ಬಾಲ ಕಾಲಸಂದಿಗೆ ಹೋದರೆ, ಸೆಖೆಯಿಲ್ಲದೆ ತೇಕಿದರೆ, ನಿದ್ದೆ ಬರದಿದ್ದರೂ ಆಕಳಿಸಿದರೆ ಇಳಿಸಿ. ಬಂಗಡೆಯನ್ನೇ ಮೂಸಲಿಲ್ಲ ಎಂದರಂತೂ ನೀವು ಬಹಳ ಮುಂದೆ ಹೋಗಿದ್ದೀರಿ. ಎರಡು ಮೂರು ಗೆರೆ ಹಿಂದಕ್ಕೆ ಬನ್ನಿ. ಗುಡುಗು ಮಳೆಯ ಸಂಜೆ ಅಭ್ಯಾಸ ಬೇಡ. ಅಕ್ಟೋಬರಿನಲ್ಲಿ ಕರಾವಳಿಗೆ ಅದೇನು ಅಪರೂಪವಲ್ಲ.

ಮೊಬೈಲಿಗೆ ಗರ್ನಾಲಿನ ಎದೆ ನಡುಗಿಸುವ ಸದ್ದು ಬರುವುದಿಲ್ಲ. ಕೊನೆಯ ವಾರಗಳಲ್ಲಿ ದೊಡ್ಡ ಸ್ಪೀಕರಿಗೆ ಹೋಗಿ, ಆದರೆ ಮತ್ತೆ ಸಣ್ಣ ಸದ್ದಿನಿಂದಲೇ. ಇಷ್ಟಾದರೂ ನಿಜವಾದ ಸಿಡಿತಕ್ಕೆ ವಾಸನೆ, ಬೆಳಕು, ಕಂಪನ ಎಲ್ಲ ಇರುತ್ತವೆ; ಹೆದರಿಕೆ ಪೂರ್ತಿ ಹೋಗದೆ ಕಡಿಮೆಯಾದರೂ ಅದು ಲಾಭವೇ.

ಹಬ್ಬದ ದಿನ ಕತ್ತಲಾಗುವ ಮೊದಲೇ ತಿರುಗಾಡಿಸಿ ತನ್ನಿ. ನಡುಮನೆಯ ಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಟಿವಿ ಹಾಕಿ. ಬಾಗಿಲು ತೆರೆದಾಗ ನಾಯಿ ಹೆದರಿ ಓಡಿಹೋಗಬಹುದು, ಹಾಗಾಗಿ ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಕಟ್ಟಿಹಾಕುವುದು ಮಾತ್ರ ಬೇಡ. ಪ್ರತಿ ಸಿಡಿತದ ಹಿಂದೆಯೇ ತಿನಿಸು ಕೊಡಿ. ಹತ್ತಿರ ಬಂದರೆ ಮೈ ಸವರಿ. ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ, ಅದು ಸುಳ್ಳು. ಗದರಿಸಿದರೆ ಮಾತ್ರ ಖಂಡಿತ ಹೆಚ್ಚುತ್ತದೆ.

ಗೋಡೆ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವ ನಾಯಿಗೆ ಅಭ್ಯಾಸವೊಂದೇ ಸಾಲದು. ಹಬ್ಬಕ್ಕೆ ಎರಡು ವಾರ ಮೊದಲೇ ಪಶುವೈದ್ಯರನ್ನು ಕಾಣಿ. ಕೊಡುವ ಔಷಧ ಹೆದರಿಕೆ ಇಳಿಸುತ್ತದೆಯೋ, ಬರೀ ಮೈ ಸಡಿಲಿಸುತ್ತದೆಯೋ ಎಂದು ಕೇಳಿ. ಅಸೆಪ್ರೊಮಜಿನ್ ಒಂದನ್ನೇ ಕೊಟ್ಟರೆ ನಾಯಿ ಅಲ್ಲಾಡದೆ ಬಿದ್ದಿರುತ್ತದೆ, ಒಳಗೆ ಹೆದರಿಕೆ ಹಾಗೇ ಇರಬಹುದು. ಬರೆದುಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಹಬ್ಬಕ್ಕೆ ಮೊದಲೇ ಗದ್ದಲವಿಲ್ಲದ ಯಾವುದಾದರೂ ದಿನ ಕೊಟ್ಟು, ಎಷ್ಟು ಹೊತ್ತಿಗೆ ಹಿಡಿಯುತ್ತದೆ ಎಂದು ನೋಡಿಕೊಳ್ಳಿ. ಮನೆಯಲ್ಲಿರುವ ಮನುಷ್ಯರ ನಿದ್ದೆ ಮಾತ್ರೆ ಕೊಡಬೇಡಿ.