x ಬೆಲೆಯನ್ನು ಬಿಡಿಸದೆ ಸ್ನೆಲ್ ನಿಯಮವನ್ನು ತಲುಪಿದ ಬಗೆ

ಎರಡು ಬಿಂದುಗಳ ನಡುವೆ ಬೆಳಕು ಕನಿಷ್ಠ ಸಮಯ ಹಿಡಿಯುವ ಹಾದಿಯಲ್ಲಿ ಸಾಗುತ್ತದೆ ಎಂಬ ಫರ್ಮಾ ತತ್ತ್ವವನ್ನು ನಾನು ಓದಿದ್ದೆ. ಅದರಿಂದ ಸ್ನೆಲ್ ನಿಯಮ ಎನ್ನುವ ವಕ್ರೀಭವನದ ನಿಯಮ ಹೊರಬರುತ್ತದೆ ಎಂಬುದೂ ಗೊತ್ತಿತ್ತು. ಆದರೆ ಪುಸ್ತಕವನ್ನು ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ಅದನ್ನು ನಾನೇ ಸಾಧಿಸಲು ಕುಳಿತಾಗ ಎರಡು ಸಲ ದಾರಿ ತಪ್ಪಿದೆ.

ಚಿತ್ರ ಸರಳವಾಗಿಯೇ ಇತ್ತು. ಒಂದು ಸಮತಲ ಗೆರೆ. ಅದರ ಮೇಲೆ ಗಾಳಿ, ಕೆಳಗೆ ನೀರು. ಗಾಳಿಯಲ್ಲಿ, ಗೆರೆಯಿಂದ a ಎತ್ತರದಲ್ಲಿ A ಎಂಬ ಬಿಂದು. ನೀರಿನಲ್ಲಿ, b ಆಳದಲ್ಲಿ B ಎಂಬ ಬಿಂದು. ಇವೆರಡರ ನಡುವಿನ ಅಡ್ಡ ಅಂತರ d. ಒಂದೇ ಮಾಧ್ಯಮದೊಳಗೆ ವೇಗ ಬದಲಾಗದ ಕಾರಣ ಅಲ್ಲಿ ಸರಳರೇಖೆಯೇ ಅತಿ ಬೇಗದ ಹಾದಿ. ಹೀಗಾಗಿ ತಿಳಿಯದೆ ಉಳಿಯುವುದು ಒಂದೇ ಒಂದು ಸಂಗತಿ: ಬೆಳಕು ಗೆರೆಯನ್ನು ದಾಟುವ ಜಾಗ. A ಬಿಂದುವಿನ ನೇರ ಕೆಳಗಿನಿಂದ ಆ ಜಾಗಕ್ಕಿರುವ ದೂರವನ್ನು x ಎಂದು ಕರೆದೆ.

ಮೊದಲ ತಪ್ಪು ನಡೆದದ್ದು ಇಲ್ಲಿಯೇ. ಅವಸರದಲ್ಲಿ ಪ್ರತಿಯೊಂದು ಉದ್ದವನ್ನೂ ವೇಗದಿಂದ ಭಾಗಿಸುವ ಬದಲು ಗುಣಿಸಿಬಿಟ್ಟೆ. ಲೆಕ್ಕ ಎಲ್ಲಿಯೂ ಎಡವದೆ ಮುಂದೆ ಸಾಗಿತು, ಕೊನೆಯಲ್ಲಿ ನೋಡಲು ಚೆಂದವಾದ ಒಂದು ಸೈನ್ ನಿಯಮವೂ ದೊರೆಯಿತು. ಆದರೆ ಅದರ ಪ್ರಕಾರ ನೀರಿಗಿಳಿದ ಕಿರಣವು ಲಂಬದತ್ತ ಬಾಗುವ ಬದಲು ಲಂಬದಿಂದ ದೂರ ಸರಿಯುತ್ತಿತ್ತು. ಉತ್ತರದ ರೂಪ ಸರಿಯಿದ್ದ ಮಾತ್ರಕ್ಕೆ ಉತ್ತರ ಸರಿಯಾಗುವುದಿಲ್ಲವಾದ್ದರಿಂದ, ಕಿರಣ ಯಾವ ಕಡೆಗೆ ಬಾಗುತ್ತದೆ ಎಂಬುದನ್ನು ಅಂದಿನಿಂದ ಮೊದಲು ನೋಡುತ್ತೇನೆ. ಗಾಳಿಯಲ್ಲಿ ಬೆಳಕಿನ ವೇಗ v1, ನೀರಿನಲ್ಲಿ v2 ಎಂದಿಟ್ಟು, ತಪ್ಪನ್ನು ತಿದ್ದಿದ ಮೇಲೆ ಒಟ್ಟು ಸಮಯ ಹೀಗಾಯಿತು:

```
T(x) = √(a² + x²)/v1 + √(b² + (d−x)²)/v2
```

ಇದರ ಅವಕಲನ ಮಾಡಿ ಸೊನ್ನೆಗೆ ಸಮೀಕರಿಸಬೇಕು. ಎರಡನೆಯ ಪದದಲ್ಲಿ x ಇರುವುದು d−x ರೂಪದಲ್ಲಿ. ಸರಪಳಿ ನಿಯಮದಂತೆ ಅಲ್ಲಿಂದ ಒಂದು ಋಣ ಚಿಹ್ನೆ ಹೊರಬರುತ್ತದೆ. ಅದನ್ನು ಬಿಟ್ಟರೆ ಎರಡೂ ಪದಗಳು ಧನವಾಗಿಯೇ ಉಳಿದು, x ಬೆಲೆ 0 ಮತ್ತು d ನಡುವೆ ಎಲ್ಲಿದ್ದರೂ ಮೊತ್ತ ಸೊನ್ನೆಯಾಗುವುದೇ ಇಲ್ಲ. ಚಿಹ್ನೆ ತಪ್ಪಿಹೋದದ್ದನ್ನು ಹಿಡಿಯಲು ಇದೇ ಸುಲಭದ ಗುರುತು.

```
T'(x) = x/(v1·√(a² + x²)) − (d−x)/(v2·√(b² + (d−x)²)) = 0
```

ಎರಡನೆಯ ಸಲ ದಾರಿ ತಪ್ಪಿದ್ದು ಈ ಸಾಲಿನಲ್ಲಿ. ಸಮೀಕರಣ ಕಂಡೊಡನೆ x ಬೆಲೆಯನ್ನು ಬಿಡಿಸಬೇಕೆಂಬ ಅಭ್ಯಾಸಬಲದಿಂದ ಒಂದು ಪದವನ್ನು ಬಲಕ್ಕೆ ಒಯ್ದೆ, ವರ್ಗಮೂಲಗಳನ್ನು ತೊಲಗಿಸಲು ಎರಡೂ ಬದಿಗಳನ್ನು ವರ್ಗ ಮಾಡಿದೆ, ಛೇದಗಳನ್ನು ಅಡ್ಡ ಗುಣಿಸಿದೆ. ಬಂದದ್ದು x ಬೆಲೆಯ ನಾಲ್ಕನೇ ಘಾತದ ಸಮೀಕರಣ. ಒಂದೂವರೆ ಪುಟ ತುಂಬಿದರೂ ಕೋನದ ಸುಳಿವೇ ಇಲ್ಲ. ಪೆನ್ನು ಕೆಳಗಿಟ್ಟು ಚಿತ್ರವನ್ನು ಮತ್ತೆ ನೋಡಿದಾಗಲೇ ವಿಷಯ ಹೊಳೆದದ್ದು. ಗಾಳಿಯ ತ್ರಿಕೋನದಲ್ಲಿ √(a² + x²) ಎಂಬುದು ವಿಕರ್ಣ; ಲಂಬದೊಂದಿಗೆ ಕಿರಣ ಮಾಡುವ ಪತನ ಕೋನಕ್ಕೆ ಅಭಿಮುಖವಾದ ಬಾಹು x. ಅವುಗಳ ಭಾಗಲಬ್ಧವೇ ಪತನ ಕೋನ θ1 ರ ಸೈನ್. ನೀರಿನ ತ್ರಿಕೋನದಲ್ಲೂ ಇದೇ ಸಂಗತಿ; ಅಲ್ಲಿ ಲಂಬದೊಂದಿಗಿನ ಕೋನ θ2. ಎಂದರೆ ಡೆರಿವೇಟಿವ್ ತನ್ನಷ್ಟಕ್ಕೆ ತಾನೇ ಸೈನ್‌ಗಳನ್ನು ಬರೆದುಕೊಟ್ಟಿತ್ತು. ನಾನು ಅವುಗಳನ್ನು ವರ್ಗ ಮಾಡಿ ಕೆಡಿಸಿದ್ದೆ.

```
sin θ1 / v1 = sin θ2 / v2
```

ಇಷ್ಟೇ. ನಿಯಮಕ್ಕೆ ಬೇಕಾದದ್ದು x ಬೆಲೆಯಲ್ಲ, ಆ x ಪಾಲಿಸಬೇಕಾದ ಷರತ್ತು. ನಿರ್ವಾತದಲ್ಲಿ ಬೆಳಕಿನ ವೇಗ c, ಮಾಧ್ಯಮದ ವಕ್ರೀಭವನ ಸೂಚ್ಯಂಕ n ಎಂದಿಟ್ಟು, v ಜಾಗದಲ್ಲಿ c/n ಹಾಕಿದರೆ n1 sin θ1 = n2 sin θ2 ಎಂಬ ಪರಿಚಿತ ರೂಪ ದೊರೆಯುತ್ತದೆ.

ಇದು ನಿಜಕ್ಕೂ ಕನಿಷ್ಠವೇ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇನ್ನೊಮ್ಮೆ ಅವಕಲನ ಮಾಡಿದರೆ a²/(v1(a²+x²)^(3/2)) ಮತ್ತು ಅಂಥದೇ ಇನ್ನೊಂದು ಪದ ಬರುತ್ತವೆ; ಎರಡೂ ಸದಾ ಧನ. ಆದ್ದರಿಂದ T' ಏರುತ್ತಲೇ ಹೋಗುತ್ತದೆ; x = 0 ಆದಾಗ ಋಣ, x = d ಆದಾಗ ಧನ; ನಡುವೆ ಒಂದೇ ಒಂದು ಸಲ ಸೊನ್ನೆಯನ್ನು ದಾಟುತ್ತದೆ. ಗಡಿಯು ಸಮತಲವಾಗಿರುವುದರಿಂದ ಮಾತ್ರ ಈ ಮಾತು ನಿಲ್ಲುತ್ತದೆ. ಬಾಗಿದ ಗಡಿಯಲ್ಲಿ ಸೈನ್ ನಿಯಮ ಉಳಿದರೂ ಸಮಯವು ಕನಿಷ್ಠವೇ ಆಗಿರಬೇಕೆಂದಿಲ್ಲ.

ನಂಬಿಕೆ ಗಟ್ಟಿಯಾಗಲು ಒಂದು ಅಂಕಿಯ ಉದಾಹರಣೆ ಬೇಕಾಗಿತ್ತು. ನೀರಿನ ವಕ್ರೀಭವನ ಸೂಚ್ಯಂಕ ಹೆಚ್ಚುಕಡಿಮೆ 4/3 ಆಗಿರುವುದರಿಂದ 3-4-5 ತ್ರಿಕೋನ ಇಲ್ಲಿ ಸೊಗಸಾಗಿ ಹೊಂದಿಕೊಳ್ಳುತ್ತದೆ. a = 3 ಮೀಟರ್, b = 4 ಮೀಟರ್, d = 7 ಮೀಟರ್ ಎಂದಿಟ್ಟುಕೊಂಡೆ. x = 4 ಆದರೆ ಗಾಳಿಯ ಹಾದಿ 5, ನೀರಿನ ಹಾದಿಯೂ 5; ಸೈನ್‌ಗಳು 4/5 ಮತ್ತು 3/5; ಅವುಗಳ ಅನುಪಾತ ಸರಿಯಾಗಿ 4/3. ನೀರಿನ ಉದ್ದವನ್ನು 4/3 ರಿಂದ ಗುಣಿಸಿ ಕೂಡಿದರೆ 11.667 ಮೀಟರ್, ಅಂದರೆ ಅಷ್ಟು ದೂರವನ್ನು ಗಾಳಿಯಲ್ಲೇ ಕ್ರಮಿಸಲು ಬೆಳಕಿಗೆ ಬೇಕಾಗುವ ಸಮಯ, ಸುಮಾರು 38.9 ನ್ಯಾನೋಸೆಕೆಂಡ್. A ಮತ್ತು B ಗಳನ್ನು ನೇರವಾಗಿ ಜೋಡಿಸುವ ಗೆರೆ x = 3 ರಲ್ಲಿ ದಾಟುತ್ತದೆ; ಅದರ ಮೊತ್ತ 11.785. ಅಂದರೆ ಅತಿ ಗಿಡ್ಡ ಹಾದಿಯೇ ತಡವಾಗಿ ತಲುಪಿಸುತ್ತದೆ. x = 5 ಎಂದಿಟ್ಟರೆ 11.794. ಆದರೆ x = 4.1 ಎಂದಿಟ್ಟರೆ 11.668, ಹತ್ತು ಸೆಂಟಿಮೀಟರ್ ಸರಿದರೂ ವ್ಯತ್ಯಾಸ ಬರಿಯ 1.2 ಮಿಲಿಮೀಟರ್‌ನಷ್ಟು. ತಳದ ಬಳಿ ವಕ್ರರೇಖೆ ಇಷ್ಟು ಚಪ್ಪಟೆಯಾಗಿರುವುದರಿಂದ, ಸಮಯದ ಪಟ್ಟಿಯೊಂದನ್ನೇ ನೋಡಿ x ಬೆಲೆಯನ್ನು ನಿಖರವಾಗಿ ಹಿಡಿಯುವುದು ಕಷ್ಟ. ಡೆರಿವೇಟಿವ್‌ನ ಚಿಹ್ನೆ ಎಲ್ಲಿ ಬದಲಾಗುತ್ತದೆಂದು ನೋಡುವುದೇ ಲೇಸು.

ವರ್ಗಮೂಲಗಳ ಗೋಜಿನಲ್ಲಿ ಸಿಕ್ಕಿಕೊಂಡವನು ನಾನೊಬ್ಬನೇ ಅಲ್ಲವೆಂದು ಆಮೇಲೆ ತಿಳಿಯಿತು. 1662ರಲ್ಲಿ ಫರ್ಮಾ ಇದನ್ನು ಸಾಧಿಸಿದಾಗ ಅವನ ಕೈಯಲ್ಲಿ ಅವಕಲನದ ನಿಯಮಗಳಿರಲಿಲ್ಲ. ತನ್ನದೇ ಗರಿಷ್ಠ-ಕನಿಷ್ಠ ವಿಧಾನದಿಂದ ಬಹಳ ದುಡಿಯಬೇಕಾಯಿತು. ದಟ್ಟ ಮಾಧ್ಯಮದಲ್ಲಿ ಬೆಳಕು ವೇಗವಾಗಿ ಸಾಗುತ್ತದೆಂದು ಹೊರಟಿದ್ದ ಡೆಕಾರ್ಟ್‌ನ ಸೈನ್ ನಿಯಮವೇ, ನಿಧಾನವಾಗುತ್ತದೆಂದು ಹೊರಟ ತನಗೂ ದೊರೆತದ್ದು ಅವನನ್ನು ಅಚ್ಚರಿಗೊಳಿಸಿತು. 1684ರಲ್ಲಿ ಲೈಬ್ನಿಟ್ಸ್ ತನ್ನ ಹೊಸ ಕಲನದ ಲೇಖನದಲ್ಲಿ ಇದೇ ಸಮಸ್ಯೆಯನ್ನು ಕೆಲವೇ ಸಾಲುಗಳಲ್ಲಿ ಮುಗಿಸಿದ. ಇಬ್ಬರಲ್ಲಿ ಯಾರ ಊಹೆ ಸರಿಯೆಂದು ಕೋನಗಳನ್ನಷ್ಟೇ ಅಳೆದು ಹೇಳಲಾಗದು. 1850ರಲ್ಲಿ ಫೂಕೋ ಮಾಡಿದ ಪ್ರಯೋಗದಲ್ಲಿ ನೀರಿನಲ್ಲಿ ಬೆಳಕು ನಿಧಾನವೆಂದು ಕಂಡುಬಂತು.

ಕೊನೆಗೆ ಒಂದು ಪ್ರಶ್ನೆ ಕಾಡುತ್ತಲೇ ಇತ್ತು. A ಮತ್ತು B ಎಲ್ಲಿದ್ದರೂ ಈ ಲೆಕ್ಕಕ್ಕೆ ಉತ್ತರವಿದೆ ಎಂದಮೇಲೆ, ನೀರಿನಿಂದ ಬಹಳ ಓರೆಯಾಗಿ ಮೇಲೇರುವ ಕಿರಣ ಹೊರಬರದೆ ಪೂರ್ತಿ ನೀರಿಗೇ ಮರಳುವ ಸಂಪೂರ್ಣ ಆಂತರಿಕ ಪ್ರತಿಫಲನ ಎಲ್ಲಿ ಹೋಯಿತು? B ಇದ್ದಲ್ಲಿಯೇ ಇರಲಿ, A ಮಾತ್ರ ಅದೇ ಎತ್ತರದಲ್ಲಿ ದೂರ ದೂರ ಸರಿಯಲಿ. sin θ2 ಎಂದಿಗೂ 3/4 ಮೀರುವುದಿಲ್ಲವಾದ್ದರಿಂದ ದಾಟುವ ಜಾಗ B ಬಿಂದುವಿನ ನೇರ ಮೇಲಿನಿಂದ 4.54 ಮೀಟರ್‌ಗಿಂತ ಆಚೆ ಹೋಗುವುದೇ ಇಲ್ಲ, A ಒಂದು ಕಿಲೋಮೀಟರ್ ಆಚೆಗಿದ್ದರೂ. ಸುಮಾರು 48.6 ಡಿಗ್ರಿಗಿಂತ ಹೆಚ್ಚು ಓರೆಯಾಗಿ ನೀರಿನಿಂದ ಮೇಲೇರುವ ಕಿರಣಕ್ಕೆ ಗಾಳಿಯಲ್ಲಿ ತಲುಪಬೇಕಾದ ಬಿಂದುವೇ ಇಲ್ಲ. ಎರಡೂ ತುದಿಗಳನ್ನು ಮೊದಲೇ ಹಿಡಿದುಕೊಂಡು ಹೊರಟ ನನ್ನ ಲೆಕ್ಕದಲ್ಲಿ ಅಂಥ ಕಿರಣ ಕಾಣಿಸಿಕೊಳ್ಳಲು ಅವಕಾಶವೇ ಇರಲಿಲ್ಲ.