ಗಿರಣಿ ಮೋಟಾರಿಗೆ ದೊಡ್ಡ ಪುಲ್ಲಿ ಹಾಕೋ ಮುಂಚೆ ಇದೊಂದು ಲೆಕ್ಕ ನೋಡಿ

ರಾಗಿ ಬೇಗ ಬೀಸ್ಲಿ ಅಂತ ನಮ್ಮ ಗಿರಣೀಲಿ ಮೋಟಾರ್ ಕಡೆ 4 ಇಂಚ್ ಪುಲ್ಲಿ ತೆಗೆದು 5 ಇಂಚಿಂದು ಹಾಕಿದ್ದೆ, ಎರಡೇ ದಿನಕ್ಕೆ ಓವರ್‌ಲೋಡ್ ರಿಲೇ ಟ್ರಿಪ್ ಆಗೋಕೆ ಶುರು. ನಾನು ರಿಲೇನೇ ಹೋಗಿದೆ ಅಂದ್ಕೊಂಡೆ, ತಪ್ಪು ನನ್ದೇ.

ಮೋಟಾರ್ 10 ಎಚ್‌ಪಿ ಅಂದ್ರೆ ಸುಮಾರು 7.46 ಕಿಲೋವ್ಯಾಟ್, 1440 ಆರ್‌ಪಿಎಂ. ಟಾರ್ಕ್ ಅಂದ್ರೆ ಶಾಫ್ಟ್ ತಿರುಚೋ ಬಲ, ಅದರ ಸೂತ್ರ ಇಷ್ಟೇ:

T = 9549 × kW ÷ rpm

ಹಾಕಿ ನೋಡಿದ್ರೆ ಮೋಟಾರ್ ಶಾಫ್ಟಲ್ಲಿ 49.5 ನ್ಯೂಟನ್ ಮೀಟರ್ ಬರುತ್ತೆ. ಕಲ್ಲಿನ ಕಡೆ 8 ಇಂಚ್ ಪುಲ್ಲಿ ಇದ್ದಾಗ ಸ್ಪೀಡ್ ಅರ್ಧ, 720, ಟಾರ್ಕ್ ಡಬಲ್, 99 (ಬೆಲ್ಟ್ ಜಾರೋದು ಬಿಟ್ಟು). 5 ಇಂಚ್ ಹಾಕಿದ್ಮೇಲೆ ಕಲ್ಲು 900ಕ್ಕೆ ಏರ್ತು, ಆದ್ರೆ ಅದೇ ಮೋಟಾರ್ ಈಗ ತನ್ನ 10 ಎಚ್‌ಪಿ ದಾಟದೆ ಕೊಡೋದು 79 ಅಷ್ಟೇ, ಕಲ್ಲಿನ ಬಿಗಿ ಮಾತ್ರ ಹಳೇದೇ ಇಟ್ಟಿದ್ದೆ, ಅದು ಇನ್ನೂ 99 ಹತ್ರಾನೇ ಕೇಳುತ್ತೆ. 99ನ್ನ 900ಕ್ಕೆ ಗುಣಿಸಿ 9549ರಿಂದ ಭಾಗಿಸಿದ್ರೆ 9.3 ಕಿಲೋವ್ಯಾಟ್, ಅಂದ್ರೆ ಹನ್ನೆರಡೂವರೆ ಎಚ್‌ಪಿ! ಮೋಟಾರ್ ಪಾಪ ಅದನ್ನೂ ಎಳೆಯುತ್ತೆ, ಕರೆಂಟ್ ಜಾಸ್ತಿ ತಗೊಂಡು ಕಾಯ್ತಾ.

ಪತ್ತೆ ಹಚ್ಚೋದು ಸುಲಭ, ಬೀಸ್ತಿರುವಾಗ ಮೂರೂ ಫೇಸಿಗೆ ಕ್ಲ್ಯಾಂಪ್ ಮೀಟರ್ ಹಾಕಿ, ನೇಮ್‌ಪ್ಲೇಟಲ್ಲಿರೋ ಆಂಪ್ಸ್ ದಾಟಿದ್ರೆ ಹಾಪರ್ ಗೇಟ್ ಸ್ವಲ್ಪ ಮುಚ್ಚಿ ಇಲ್ಲಾ ಕಲ್ಲು ಸಡಿಲ ಮಾಡಿ. ರಿಲೇ ಸೆಟ್ಟಿಂಗ್ ಏರಿಸೋಕೆ ಮಾತ್ರ ಹೋಗ್ಬೇಡಿ, ವೈಂಡಿಂಗ್ ಸುಡುತ್ತೆ. ಮೂರರಲ್ಲಿ ಒಂದು ಫೇಸ್ ಮಾತ್ರ ತುಂಬಾ ಹೆಚ್ಚುಕಮ್ಮಿ ಇದ್ರೆ ಪುಲ್ಲಿ ಬಿಡಿ, ಮೊದ್ಲು ಸಪ್ಲೈ ನೋಡಿಸಿ. ನಾನಂತೂ 4 ಇಂಚಿಂದೇ ವಾಪಸ್ ಹಾಕ್ದೆ.