ಮಾತು ಇನ್ನೂ ಇದೆ, ದೃಶ್ಯ ಮುಗಿಯಿತು ಅನ್ನಿಸದಂತೆ ಬಿ-ರೋಲ್ ಪಟ್ಟಿ ಮಾಡುವುದು ಹೇಗೆ?

ಮಂಡ್ಯ ಜಿಲ್ಲೆಯ ಒಂದು ಆಲೆಮನೆಯ ಬಗ್ಗೆ ನಾಲ್ಕು ನಿಮಿಷದ ವಿಡಿಯೊ ಮಾಡಬೇಕು ಅಂದುಕೊಳ್ಳಿ. ನೀವು ಕ್ಯಾಮೆರಾ ಮುಂದೆ ಬರುವುದಿಲ್ಲ, ಕತೆಯನ್ನೆಲ್ಲ ನಿಮ್ಮ ದನಿಯೇ ಹೇಳುತ್ತದೆ. ಹಾಗಾದರೆ ದನಿ ಓಡುವ ಪ್ರತಿ ಸೆಕೆಂಡಿಗೂ ತೆರೆಯ ಮೇಲೆ ಏನಾದರೂ ಇರಲೇಬೇಕು. ಮಾತು ಓಡುವಾಗ ಹೀಗೆ ಮೇಲೆ ಹಾಕುವ ದೃಶ್ಯಗಳೇ ಬಿ-ರೋಲ್. ಎಡಿಟಿಂಗ್‌ಗೆ ಕೂತಾಗ ಕೊಪ್ಪರಿಗೆಯ ಅದೇ ಶಾಟ್ ಮೂರನೇ ಸಲ ಹಾಕಬೇಕಾಗಿ ಬಂದರೆ, ಶೂಟಿಂಗ್ ದಿನ ಪಟ್ಟಿ ಇರಲಿಲ್ಲ ಎಂದೇ ಅರ್ಥ. ಆ ಪಟ್ಟಿ ಮಾಡುವ ಕೆಲಸ ಮನೆಯಲ್ಲೇ ಶುರುವಾಗುತ್ತದೆ.

ಮೊದಲು ದನಿ, ಆಮೇಲೆ ಕ್ಯಾಮೆರಾ

ಸ್ಕ್ರಿಪ್ಟ್ ಬರೆದು, ಗಟ್ಟಿಯಾಗಿ ಓದಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಿಮಿಷಕ್ಕೆ ಇಷ್ಟು ಪದ ಎಂಬ ಇಂಗ್ಲಿಷ್ ಲೆಕ್ಕವನ್ನು ನಂಬಬೇಡಿ. ನಮ್ಮ ಪದಗಳು ಉದ್ದ, ಆ ಲೆಕ್ಕ ಇಲ್ಲಿ ಕೂಡಿ ಬರುವುದಿಲ್ಲ. ರೆಕಾರ್ಡಿಂಗ್ ತೋರಿಸುವ ಸಮಯವೇ ನಿಜ.

ನಿಮ್ಮ ಓದು 3 ನಿಮಿಷ 20 ಸೆಕೆಂಡ್ ಬಂತು ಅನ್ನಿ, ಅಂದರೆ 200 ಸೆಕೆಂಡ್. ಒಂದೊಂದು ಶಾಟ್ ಸರಾಸರಿ 4 ಸೆಕೆಂಡ್ ತೆರೆಯ ಮೇಲೆ ನಿಂತರೆ 50 ಶಾಟ್ ಬೇಕು. ಆದರೆ ತೆಗೆದಿದ್ದೆಲ್ಲ ಉಪಯೋಗಕ್ಕೆ ಬರುವುದಿಲ್ಲ. ಒಂದು ಅಲುಗಾಡಿರುತ್ತದೆ, ಇನ್ನೊಂದರಲ್ಲಿ ಯಾರೋ ಅಡ್ಡ ಬಂದಿರುತ್ತಾರೆ, ಮತ್ತೊಂದರ ಫೋಕಸ್ ತಪ್ಪಿರುತ್ತದೆ. ಅದಕ್ಕೇ ಅರ್ಧದಷ್ಟು ಜಾಸ್ತಿ ಸೇರಿಸಿ 75 ಅಂತ ಬರೆದುಕೊಳ್ಳಿ. ಉಳಿದ 40 ಸೆಕೆಂಡ್ ಗಾಣದ ಸದ್ದಿಗೂ ಪಾಕ ಕುದಿಯುವ ಸದ್ದಿಗೂ ಇರಲಿ. ಆ ಉದ್ದನೆಯ ಶಾಟ್‌ಗಳನ್ನು ಬೇರೆಯಾಗಿಯೇ ಪಟ್ಟಿಗೆ ಹಾಕಿ, 75ರಲ್ಲಿ ಸೇರಿಸಬೇಡಿ.

ವಾಕ್ಯದ ಎದುರಿಗೆ ಶಾಟ್

ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ವಾಕ್ಯ, ಅದರ ಪಕ್ಕ ಎಷ್ಟು ಸೆಕೆಂಡ್, ಬಲಗಡೆ ಶಾಟ್‌ಗಳು. "ಆಲೆಮನೆ ದೃಶ್ಯ" ಎಂದು ಸುಮ್ನೆ ಬರೆದರೆ ಪ್ರಯೋಜನವಿಲ್ಲ. ಅಲ್ಲಿ ನಿಂತಾಗ ಎಲ್ಲಿ ಕ್ಯಾಮೆರಾ ಇಡಬೇಕು ಎಂದು ಗೊತ್ತಾಗುವ ಹಾಗೆ ಬರೆಯಬೇಕು.

ಸ್ಕ್ರಿಪ್ಟ್‌ನಲ್ಲಿ ಹೀಗಿದೆ ಅನ್ನಿ: "ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆ ಸೇರುತ್ತದೆ. ಸುಣ್ಣ ಹಾಕಿದಾಗ ಕೊಳೆ ಮೇಲೆ ತೇಲುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯುತ್ತಾರೆ." ಓದಲು 12 ಸೆಕೆಂಡ್. ತೆರೆಗೆ ಬರುವುದು ಮೂರೇ ಶಾಟ್, ಆದರೂ ಹಾಳೆಯಲ್ಲಿ ಐದು ಬರೆಯಿರಿ:

- ಗಾಣದ ಕೆಳಗೆ ಹಾಲು ಸುರಿಯುವುದು, ಹತ್ತಿರದಿಂದ
- ಕೊಪ್ಪರಿಗೆ ಪೂರ್ತಿ ಕಾಣುವ ಹಾಗೆ, ಬಾಗಿಲ ಹತ್ತಿರ ನಿಂತು
- ಸುಣ್ಣ ಹಾಕುವ ಕೈ ಮಾತ್ರ
- ಜಾಲರಿ ಮೇಲೆದ್ದು ಹನಿ ತೊಟ್ಟಿಕ್ಕುವುದು
- ಹಬೆಯ ಆಚೆ ಕೆಲಸ ಮಾಡುವವರ ಮುಖ

ಕೈ, ಮುಖ, ದೂರದ ನೋಟ ಮೂರೂ ಇದ್ದರೆ ಒಂದೇ ಕೆಲಸವನ್ನು ಎಲ್ಲಿ ಬೇಕಾದರೂ ಕತ್ತರಿಸಿ ಜೋಡಿಸಬಹುದು. ಮೂರೂ ದೂರದ ನೋಟವೇ ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಜನ ನಿಂತಲ್ಲಿಂದ ಎಗರಿದ ಹಾಗೆ ಕಾಣುತ್ತದೆ.

ಕಣ್ಣಿಗೆ ಕಾಣದ ಮಾತುಗಳು

ದೃಶ್ಯ ಸಾಲದೆ ಹೋಗುವುದು ಗಾಣ, ಕೊಪ್ಪರಿಗೆಗಳ ಭಾಗದಲ್ಲಲ್ಲ, ಇಲ್ಲಿ. "ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಈ ಕಡೆ ಕಬ್ಬು ಹೆಚ್ಚಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು." ಇದು 15 ಸೆಕೆಂಡಿನ ಮಾತು, ಆದರೆ ಆಲೆಮನೆಯ ಒಳಗೆ ಇದಕ್ಕೆ ಏನೂ ಸಿಗುವುದಿಲ್ಲ. ಇತಿಹಾಸ, ಬೆಲೆ, ಮಳೆ, ಕಷ್ಟಸುಖ ಹೇಳುವ ಇಂಥ ವಾಕ್ಯಗಳಿಗೆಲ್ಲ ಕೆಂಪು ಗೆರೆ ಎಳೆಯಿರಿ. ಒಂದೊಂದಕ್ಕೂ ನಾಲ್ಕು ಶಾಟ್ ಹೊರಗಡೆ ಹುಡುಕಬೇಕು.

ಈ ವಾಕ್ಯಕ್ಕೆ ನಾಲೆಯ ನೀರು, ತೂಬಿನಿಂದ ಗದ್ದೆಗೆ ಹೋಗುವ ನೀರು, ಗಾಳಿಗೆ ಆಡುವ ಕಬ್ಬಿನ ಗರಿ, ರಸ್ತೆಯಿಂದ ಕಾಣುವ ಕಾರ್ಖಾನೆಯ ಬೋರ್ಡು ಹೊಂದುತ್ತವೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಬೇಡ. 1933 ಅನ್ನುವಾಗ ಟ್ರ್ಯಾಕ್ಟರ್ ಕಂಡರೆ ನೋಡುವವರಿಗೆ ಚುಚ್ಚುತ್ತದೆ. ಅದು ಇಂದಿನ ಬೆಳೆಗಾರರ ಮಾತಿಗೆ ಇರಲಿ. ಮತ್ತೆ, ನಾಲೆಯಲ್ಲಿ ವರ್ಷಪೂರ್ತಿ ನೀರು ಹರಿಯುವುದಿಲ್ಲ. ಹೊರಡುವ ಮುಂಚೆ ಊರಿನವರನ್ನು ಫೋನ್ ಮಾಡಿ ಕೇಳಿ. ನೀರಿಲ್ಲ ಅಂದರೆ ಪಟ್ಟಿಯಲ್ಲೇ ಬೇರೆ ಶಾಟ್ ಹಾಕಿಕೊಳ್ಳಿ, ಇಲ್ಲವೇ ಆ ವಾಕ್ಯವನ್ನು ಚಿಕ್ಕದು ಮಾಡಿ.

ಒಂದೇ ಸಲ ಆಗುವುದು ಯಾವುದು?

ಪಟ್ಟಿ ಸ್ಕ್ರಿಪ್ಟಿನ ಕ್ರಮದಲ್ಲಿದ್ದರೆ ಶೂಟಿಂಗ್‌ಗೆ ಉಪಯೋಗವಿಲ್ಲ. ಅದನ್ನು ಎರಡು ಪಾಲು ಮಾಡಿ. ಯಾವಾಗ ಬೇಕಾದರೂ ಸಿಗುವುದು ಒಂದು ಪಾಲು, ತಪ್ಪಿದರೆ ಮತ್ತೆ ಕಾಯಬೇಕಾದ್ದು ಇನ್ನೊಂದು. ಕಬ್ಬಿನ ರಾಶಿ, ಒಣಗಲು ಹರಡಿದ ಸಿಪ್ಪೆ, ಒಲೆಯ ಬೆಂಕಿ ದಿನವಿಡೀ ಇರುತ್ತವೆ. ಆದರೆ ಕೊಪ್ಪರಿಗೆಯಿಂದ ಪಾಕ ಇಳಿಸುವುದು ಒಂದು ಕೊಪ್ಪರಿಗೆಗೆ ಒಂದೇ ಸಲ, ಹಾಲು ಹಾಕಿ ಕೆಲವು ಗಂಟೆ ಕಾದ ಮೇಲೆ. ಅದು ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ.

ಹೋದ ತಕ್ಷಣ ಕೇಳಿ: "ಅಣ್ಣಾ, ಪಾಕ ಯಾವಾಗ ಇಳಿಸ್ತೀರಿ?" "ಇನ್ನೊಂದ್ ಗಂಟೆ ಆಯ್ತದೆ ಕಣಪ್ಪ" ಅಂದರೆ, ಆ ಒಂದು ಗಂಟೆ ಹೊರಗಿನ ಶಾಟ್‌ಗಳಿಗೆ. ಇಳಿಸುವ ಹತ್ತು ನಿಮಿಷ ಮುಂಚೆಯೇ ಜಾಗ ಹಿಡಿದಿರಿ. ಎರಡನೇ ಮೊಬೈಲ್ ಇದ್ದರೆ ಮೂಲೆಯಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟು ದೂರದ ನೋಟ ಓಡಲು ಬಿಡಿ, ಕೈಯಲ್ಲಿರುವುದರಿಂದ ಹತ್ತಿರದ್ದು ತೆಗೆಯಿರಿ. ಒಂದೇ ಇದ್ದರೆ ಮೊದಲ ಕೊಪ್ಪರಿಗೆಗೆ ದೂರದ ನೋಟ, ಮುಂದಿನದಕ್ಕೆ ಹತ್ತಿರದ್ದು. ಪಾಕ ಮೈಮೇಲೆ ಬಿದ್ದರೆ ಚರ್ಮಕ್ಕೆ ಅಂಟಿ ಸುಡುತ್ತದೆ, ಹಾಗಾಗಿ ಕೆಲಸದವರು ನಡೆಯುವ ದಾರಿಯಿಂದ ದೂರ ನಿಲ್ಲಿ. ಆ ಜಾಗದಿಂದ ಸಿಗದ ಶಾಟ್ ಅನ್ನು ಪಟ್ಟಿಯಿಂದ ಹೊಡೆದುಹಾಕಿ.

ಅಚ್ಚಿಗೆ ಬೆಲ್ಲ ತುಂಬುವುದು ಇದರ ಬೆನ್ನಿಗೇ ಬರುತ್ತದೆ. ಅದನ್ನೂ ಕಾಯುವ ಪಾಲಿಗೇ ಸೇರಿಸಿ.

ಎಲ್ಲಿ ಬೇಕಾದರೂ ಕೂರುವ ಹತ್ತು ಶಾಟ್

ಎಷ್ಟೇ ಲೆಕ್ಕ ಹಾಕಿದರೂ ಎಡಿಟಿಂಗ್‌ನಲ್ಲಿ ಎರಡು ಮೂರು ಸೆಕೆಂಡಿನ ಸಂದು ಬಿದ್ದೇ ಬೀಳುತ್ತದೆ. ಅದಕ್ಕೆ ಯಾವ ವಾಕ್ಯಕ್ಕೂ ಸೇರದ ಹತ್ತು ಶಾಟ್ ಇರಲಿ: ಚಿಮಣಿಯ ಹೊಗೆ, ಗದ್ದೆಯ ಬದುವಿನ ಮೇಲೆ ಬೆಳ್ಳಕ್ಕಿ, ಗೋಡೆಗೆ ಒರಗಿಸಿಟ್ಟ ಮಚ್ಚು, ಕೆಲಸದವರ ಟೀ ಲೋಟ. ಇವನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತಿಗೂ ಹಂಚಿ ತೆಗೆಯಿರಿ. ಸಂಜೆಯ ಕೆಂಪು ಬೆಳಕಿನ ಬೆಳ್ಳಕ್ಕಿಯನ್ನು ಮಧ್ಯಾಹ್ನದ ಗಾಣದ ಪಕ್ಕ ಕೂರಿಸಿದರೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ?

ತೆಗೆಯುವಾಗ

ಪ್ರತಿ ಶಾಟ್‌ಗೂ ಮನಸ್ಸಿನಲ್ಲಿ ಹತ್ತು ಎಣಿಸಿ. ಬೇಕಾಗುವುದು ನಾಲ್ಕೇ ಸೆಕೆಂಡ್ ಆದರೂ, ಬಟನ್ ಒತ್ತುವಾಗಿನ ಅಲುಗಾಟ ಎರಡೂ ತುದಿಯನ್ನು ತಿಂದುಹಾಕುತ್ತದೆ. ಕ್ಯಾಮೆರಾ ತಿರುಗಿಸುವುದಾದರೆ ಶುರುವಿಗೂ ಕೊನೆಗೂ ಮೂರು ಸೆಕೆಂಡ್ ನಿಲ್ಲಿಸಿ.

ಆಲೆಮನೆಯ ಒಳಗೆ ಬೆಳಕು ಕಡಿಮೆ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಶಟರ್ 1/50 ಅಥವಾ 1/100ರಲ್ಲಿ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್, ಬೇರೆ ಶಟರ್‌ನಲ್ಲಿ ಚಿತ್ರದ ಮೇಲೆ ಪಟ್ಟೆ ಓಡುವುದೋ ಬೆಳಕು ಮಿನುಗುವುದೋ ಆಗಬಹುದು. ಸ್ಲೋ ಮೋಷನ್‌ಗೆ ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು 25ರಲ್ಲಿ ಓಡಿಸಿದರೆ ಮೂರು ಸೆಕೆಂಡಿನ ಸುರಿಯುವಿಕೆ ಆರು ಸೆಕೆಂಡ್ ಆಗುತ್ತದೆ. ಪಾಕಕ್ಕೆ ಇದು ಚೆನ್ನ, ಗಾಣಕ್ಕೆ ಬೇಡ, ಅದರ ವೇಗವೇ ಹೋಗಿಬಿಡುತ್ತದೆ. ಹಬೆ ಲೆನ್ಸ್ ಮೇಲೆ ಕೂರುತ್ತಲೇ ಇರುತ್ತದೆ. ಚಿಕ್ಕ ಪರದೆಯಲ್ಲಿ ಅದು ಗೊತ್ತಾಗದು, ಪ್ರತಿ ಶಾಟ್‌ಗೂ ಮುಂಚೆ ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ.

ತೆಗೆದ ಶಾಟ್ ಅನ್ನು ಒಮ್ಮೆ ನೋಡಿಯೇ ಹಾಳೆಯಲ್ಲಿ ಟಿಕ್ ಹಾಕಿ. ಹೊರಡುವ ಒಂದು ಗಂಟೆ ಮುಂಚೆ ಇಯರ್‌ಫೋನ್ ಹಾಕಿಕೊಂಡು ನಿಮ್ಮ ರೆಕಾರ್ಡಿಂಗ್ ಕೇಳಿ. ವಾಕ್ಯ ಓಡುತ್ತಿದ್ದ ಹಾಗೆ ಹಾಳೆಯ ಮೇಲೆ ಬೆರಳು ಇಳಿಸುತ್ತಾ ಹೋಗಿ. ಎರಡಕ್ಕಿಂತ ಕಡಿಮೆ ಟಿಕ್ ಇರುವ ಸಾಲು ಬಂದಾಗ ನಿಲ್ಲಿಸಿ, ಎದ್ದು ಹೋಗಿ ಅದನ್ನು ತೆಗೆದುಕೊಂಡು ಬನ್ನಿ.